ಚೀಲದ ಮೇಲಿನ ವಿಳಾಸ, ಪರದೆಯ ಮೇಲಿನ ವಿಳಾಸ

(ರೈತ ಕುಟುಂಬಗಳ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಬರೆದು ಸೇರಿಸಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಒಂದು ಸಂಜೆ ಎರಡು ಗಂಟೆಯೊಳಗೆ ನಡೆದು ಮುಗಿದ ಸಂಗತಿಯೊಂದನ್ನು ಹೇಳುತ್ತೇನೆ. ಒಬ್ಬ ರೈತ, ಕಾಲೇಜಿನ ಕೊನೆಯ ವರ್ಷದಲ್ಲಿರುವ ಅವರ ಮಗಳು, ಇಬ್ಬರ ನಡುವೆ ಒಂದು ಮೊಬೈಲು. ಮೊಬೈಲಿನಲ್ಲಿ ಗೊಬ್ಬರ ಮಾರುವ ಒಂದು ವೆಬ್‌ಸೈಟು. ನಾನು ಬಹಳ ವರ್ಷ ವೆಬ್‌ಸೈಟುಗಳ ಹೆಸರು ನೋಂದಾಯಿಸುವ, ಸರ್ವರ್ ನೋಡಿಕೊಳ್ಳುವ ಕೆಲಸ ಮಾಡಿದವನು. ಆ ಹುಡುಗಿ ತಾನು ಹೇಗೆ ಹುಡುಕಿದೆ ಅಂತ ವಿವರಿಸಿದಾಗ, ಇಷ್ಟು ದಿನ ನಾನು ಜನರಿಗೆ ಹೇಳುತ್ತಿದ್ದ ಬುದ್ಧಿಮಾತಿನಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬಾರದ್ದು ಅನ್ನಿಸಿತು. ಅದಕ್ಕೇ ಈ ಕಥೆ.

ಮೊದಲೇ ಒಂದು ಮಾತು. ಕಂಪನಿಯ ಹೆಸರನ್ನಾಗಲಿ ಅಸಲಿ ವಿಳಾಸವನ್ನಾಗಲಿ ನಾನು ಹೇಳುವುದಿಲ್ಲ. ಅಸಲಿ ಕಂಪನಿಯ ವಿಳಾಸ `gobbara.example` ಅಂತ ಇಟ್ಟುಕೊಳ್ಳೋಣ. `.example` ಅನ್ನುವ ಕೊನೆಯನ್ನು 1999ರಿಂದಲೂ ಇಂಥ ಉದಾಹರಣೆಗಳಿಗೆಂದೇ ಎತ್ತಿಟ್ಟಿದ್ದಾರೆ. ಅದನ್ನು ಯಾರೂ ಕೊಳ್ಳಲು ಬರುವುದಿಲ್ಲ, ಹಾಗಾಗಿ ಯಾರ ಹೆಸರಿಗೂ ಮಸಿ ಹತ್ತುವುದಿಲ್ಲ.

ಮೊಬೈಲಿಗೆ ಬಂದ ಸಂದೇಶ ಚಿಕ್ಕದು. ಡಿಎಪಿ ಗೊಬ್ಬರ, ಅಂಗಡಿ ಬೆಲೆಯ ಅರ್ಧಕ್ಕೆ, ಹೊಲದ ಬಾಗಿಲಿಗೇ ಬರುತ್ತದೆ, ಇನ್ನು ಎರಡು ದಿನ ಮಾತ್ರ. ಕೆಳಗೊಂದು ಲಿಂಕು. ಬಿತ್ತನೆ ಹತ್ತಿರ ಬಂದಿತ್ತು, ಅಂಗಡಿಯಲ್ಲಿ ಡಿಎಪಿ ಮುಗಿದಿತ್ತು. ಅಪ್ಪನಿಗೆ ಆಸೆಗಿಂತ ಅವಸರ ಹೆಚ್ಚು. ಮೋಸದ ಸುದ್ದಿ ಓದಿ 'ಅರ್ಧ ಬೆಲೆ ಅಂದರೆ ಹೇಗಪ್ಪಾ ನಂಬಿದರು' ಅಂತ ನಗುವವರು ಇದನ್ನು ಮರೆಯುತ್ತಾರೆ. ಬೇಕಾದ ವಾರದಲ್ಲಿ ಬೇಕಾದ ವಸ್ತು ಎಲ್ಲೂ ಸಿಗದಿದ್ದಾಗ 'ಇಲ್ಲಿದೆ' ಅಂದವನ ಮಾತು ಸಿಹಿಯಾಗಿ ಕೇಳಿಸುತ್ತದೆ. ಈ ಸಂದೇಶಗಳು ಬರುವುದೂ ಸರಿಯಾಗಿ ಆ ವಾರದಲ್ಲೇ.

ಲಿಂಕು ಒತ್ತಿದರೆ ಪುಟ ಚೆನ್ನಾಗಿಯೇ ಇತ್ತು. ಕಂಪನಿಯ ಗುರುತು, ಚೀಲದ ಚಿತ್ರ, ಪರವಾನಗಿ ಪತ್ರದ ಫೋಟೊ, ಕೊಂಡವರ ಹೊಗಳಿಕೆ, '1998ರಿಂದ ರೈತರ ಸೇವೆಯಲ್ಲಿ' ಅನ್ನುವ ಸಾಲು, ಎಲ್ಲವೂ ಇದ್ದವು. ಕಾಗುಣಿತ ತಪ್ಪಿದೆಯಾ ನೋಡಿ, ಚಿತ್ರ ಮಸುಕಾಗಿದೆಯಾ ನೋಡಿ ಅಂತ ನಾವೆಲ್ಲ ಹೇಳುತ್ತೇವಲ್ಲ, ಈ ಪುಟದಲ್ಲಿ ಅಂಥದ್ದೇನೂ ಇರಲಿಲ್ಲ. ಇರುವುದಾದರೂ ಹೇಗೆ? ಅಸಲಿ ಕಂಪನಿಯ ಪುಟವನ್ನೇ ಇಡಿಯಾಗಿ ನಕಲು ಮಾಡಿದ್ದರು. ಚಿತ್ರ ಅಸಲಿ, ಬರಹ ಅಸಲಿ, ಹಣ ಹೋಗುವ ದಾರಿ ಮಾತ್ರ ಬೇರೆ.

ಅಪ್ಪ ಹತ್ತು ಚೀಲಕ್ಕೆ ಆರ್ಡರ್ ಹಾಕಲು ಹೊರಟಿದ್ದರು. ಮಗಳು "ಒಂದು ನಿಮಿಷ ತಡಿ ಅಪ್ಪಾ" ಅಂತ ಮೊಬೈಲು ಇಸಿದುಕೊಂಡಳು. ಪುಟವನ್ನು ಅವಳು ಮತ್ತೆ ನೋಡಲೇ ಇಲ್ಲ. ಮೇಲಿನ ವಿಳಾಸದ ಪಟ್ಟಿಯನ್ನು ಒತ್ತಿ ಪೂರ್ತಿ ವಿಳಾಸ ಕಾಣುವಂತೆ ಮಾಡಿಕೊಂಡಳು. ಅಲ್ಲಿದ್ದದ್ದು ಇದು:

```
https://gobbara.example.raita-order.example/dap
```

ಮೊಬೈಲಿನ ಪರದೆ ಚಿಕ್ಕದು, ಇಷ್ಟುದ್ದದ ವಿಳಾಸ ಅದರಲ್ಲಿ ಹಿಡಿಯುವುದಿಲ್ಲ. ಸಂದೇಶದಲ್ಲಿ ಕಂಡದ್ದು ಶುರುವಿನ `gobbara.example` ಮಾತ್ರ. ಅಪ್ಪ ಓದಿದ್ದೂ ಅಷ್ಟನ್ನೇ. ಅವರು ತಪ್ಪೇನೂ ಓದಿರಲಿಲ್ಲ, ಅಸಲಿ ಹೆಸರು ಅಲ್ಲಿ ಇದ್ದೇ ಇತ್ತು.

ಇಲ್ಲೊಂದು ಕೀಲಿ ಇದೆ, ಸ್ವಲ್ಪ ನಿಧಾನವಾಗಿ ನೋಡೋಣ. ಕಾಗದದ ಮೇಲೆ ಅಂಚೆ ವಿಳಾಸ ಬರೆಯುವಾಗ ಮನೆ ಮೊದಲು, ಬೀದಿ ಆಮೇಲೆ, ಊರು ಕೊನೆಗೆ. ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ. ವೆಬ್ ವಿಳಾಸವೂ ಹಾಗೇ. `https://` ಆದಮೇಲೆ ಸಿಗುವ ಮೊದಲ ಒಂಟಿ ಓರೆಗೆರೆಯ ಹತ್ತಿರ ಬೆರಳಿಡಿ. ಅಲ್ಲಿಂದ ಎಡಕ್ಕೆ ಓದಿ. ಮೊದಲು ಸಿಗುವುದು `.com`, `.org` ಥರದ ಕೊನೆ. ಅದರ ಎಡಕ್ಕೆ ಅಂಟಿಕೊಂಡ ಹೆಸರೇ ಯಾರೋ ಕಾಸು ಕೊಟ್ಟು ನೋಂದಾಯಿಸಿದ್ದು. ನಮ್ಮ ಉದಾಹರಣೆಯಲ್ಲಿ ಅದು `raita-order.example`. ಅದಕ್ಕಿಂತ ಎಡಕ್ಕೆ ಏನಿದ್ದರೂ ಆ ಹೆಸರಿನ ಒಡೆಯ ಪುಕ್ಕಟೆಯಾಗಿ ತಾನೇ ಬರೆದುಕೊಂಡದ್ದು. ಯಾರನ್ನೂ ಕೇಳಬೇಕಿಲ್ಲ. ನನ್ನ ಮನೆಯ ಒಂದು ಕೋಣೆಯ ಬಾಗಿಲಿಗೆ 'ಬ್ಯಾಂಕು' ಅಂತ ಫಲಕ ಹಾಕಿದರೆ ತಡೆಯುವವರು ಯಾರು? ಮನೆ ನನ್ನದೇ, ಕೋಣೆಯೂ ನನ್ನದೇ.

ಒಂದು ಎಚ್ಚರಿಕೆ ಮಾತ್ರ ಬೇಕು. ಕೆಲವು ಕೊನೆಗಳು ಎರಡು ತುಂಡಿನವು. `.co.in`, `.co.uk` ಅಂಥವು. ಅಲ್ಲಿ `co.in` ಪೂರ್ತಿ ಸೇರಿ ಒಂದು ಕೊನೆ ಅಂತ ಎಣಿಸಿ, ಅದರ ಎಡದ ಹೆಸರನ್ನು ನೋಡಬೇಕು. ಇಲ್ಲದಿದ್ದರೆ ಒಡೆಯನ ಹೆಸರು 'co' ಅಂದುಕೊಂಡುಬಿಡುತ್ತೀರಿ.

ಮಗಳು ಇದನ್ನು ಹೇಳಿದಾಗ ಅಪ್ಪ ಒಪ್ಪಲಿಲ್ಲ. "ಕಂಪನಿಯವರೇ ಆರ್ಡರ್‌ಗೆ ಅಂತ ಬೇರೆ ಹೆಸರು ಮಾಡಿರಬಹುದಲ್ಲಮ್ಮಾ. ಬೀಗದ ಗುರುತೂ ಇದೆ ನೋಡು" ಅಂದರು. ಎರಡೂ ನ್ಯಾಯವಾದ ಮಾತೇ. ಕಂಪನಿಗಳು ಮಾರಾಟಕ್ಕೆ ಬೇರೆ ಹೆಸರು ಇಟ್ಟುಕೊಳ್ಳುವುದು ಉಂಟು.

ಬೀಗದ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ ಮೊಬೈಲಿಗೂ ಆ ವೆಬ್‌ಸೈಟಿನ ಯಂತ್ರಕ್ಕೂ ನಡುವೆ ಹೋಗುವ ಮಾತನ್ನು ದಾರಿಯಲ್ಲಿ ಬೇರೆಯವರು ಓದಲಾರರು, ಬೀಗ ಹೇಳುವುದು ಇಷ್ಟೇ. ಆ ತುದಿಯಲ್ಲಿ ಕೂತವನು ಸಾಹುಕಾರನೋ ಕಳ್ಳನೋ ಅದಕ್ಕೆ ಗೊತ್ತಿಲ್ಲ. ಲಕೋಟೆಗೆ ಅರಗು ಹಾಕಿ ಕಳಿಸಿದ ಮಾತ್ರಕ್ಕೆ ಒಳಗಿರುವ ಕಾಗದ ನಿಜವಾಗುವುದಿಲ್ಲ. ಹಿಂದೆ ಈ ಬೀಗಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ದುಡ್ಡು ಕೊಡಬೇಕಿತ್ತು. 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಅದನ್ನು ಎಲ್ಲರಿಗೂ ಉಚಿತವಾಗಿ, ಯಂತ್ರದ ಮೂಲಕವೇ, ಕೆಲವು ನಿಮಿಷಗಳಲ್ಲಿ ಕೊಡುತ್ತಿದೆ. ಒಳ್ಳೆಯ ಕೆಲಸವೇ ಅದು, ಸಣ್ಣಪುಟ್ಟವರ ತಾಣಗಳೂ ಭದ್ರವಾದವು. ಕಳ್ಳರ ತಾಣಗಳೂ ಭದ್ರವಾದವು ಅನ್ನಿ. ಜನ ಬೀಗವನ್ನು ನಂಬಿಕೆಯ ಗುರುತು ಅಂತ ತಪ್ಪಾಗಿ ತಿಳಿಯುತ್ತಾರೆ ಅಂತಲೇ ಕ್ರೋಮ್ ಬ್ರೌಸರ್ 2023ರಲ್ಲಿ ಆ ಚಿತ್ರವನ್ನು ತೆಗೆದು ಬೇರೆ ಚಿಹ್ನೆ ಹಾಕಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪುಟದ ಮೇಲಿರುವ ಪ್ರತಿಯೊಂದು ಅಕ್ಷರವೂ ಪುಟ ಮಾಡಿದವನ ಕೈಯಲ್ಲಿದೆ. 1998 ಅಂತ ಬರೆಯಬೇಕಾ, ಬರೆಯುತ್ತಾನೆ. 1948 ಅಂತಲೂ ಬರೆಯುತ್ತಾನೆ. ಅವನ ಬಗ್ಗೆ ಬೇರೆಯವರು ಇಟ್ಟುಕೊಂಡ ಲೆಕ್ಕಪುಸ್ತಕಗಳು ಕೆಲವು ಇವೆ, ಅಲ್ಲಿ ಅವನ ಪೆನ್ನು ಓಡುವುದಿಲ್ಲ. ಆ ಹುಡುಗಿ ಹೋದದ್ದು ಅಂಥ ಎರಡು ಪುಸ್ತಕಗಳ ಹತ್ತಿರ.

ಮೊದಲನೆಯದು ಹೆಸರಿನ ನೋಂದಣಿ. `.com` ಥರದ ಕೊನೆಗಳಿಗೆ ಒಂದೊಂದು ನೋಂದಣಿ ಸಂಸ್ಥೆ ಇರುತ್ತದೆ. ಯಾವ ಹೆಸರು ಯಾವ ದಿನ, ಯಾವ ಗಂಟೆಗೆ ಹುಟ್ಟಿತು ಅಂತ ಬರೆದಿಡುವುದು ಅದರ ಕೆಲಸ. ಇದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಹಳಬರು ಇದನ್ನು 'ಹೂ ಈಸ್' ಅನ್ನುತ್ತಾರೆ. 2025ರ ಜನವರಿಯಿಂದ ಈ ಸಾಮಾನ್ಯ ಕೊನೆಗಳಿಗೆ ಆ ಹಳೆಯ ವ್ಯವಸ್ಥೆಯ ಜಾಗದಲ್ಲಿ ಆರ್‌ಡಿಎಪಿ ಅನ್ನುವ ಹೊಸದು ಬಂದಿದೆ. ಹೆಸರು ನೆನಪಿಡಬೇಕಿಲ್ಲ. `lookup.icann.org` ಅನ್ನುವ ಪುಟಕ್ಕೆ ಹೋಗಿ ಒಡೆಯನ ಹೆಸರನ್ನು, ಅಂದರೆ `raita-order.example` ಅಷ್ಟನ್ನೇ, ಹಾಕಿದರೆ ಸಾಕು. ದೇಶಗಳ ಕೊನೆಹೆಸರುಗಳಿಗೆ ಅಲ್ಲಿ ಉತ್ತರ ಸಿಗದಿದ್ದರೆ ಆಯಾ ದೇಶದ ನೋಂದಣಿ ಸಂಸ್ಥೆಯ ಪುಟದಲ್ಲಿ ಹುಡುಕಬೇಕು.

ಆ ದಿನ ಜೂನ್ 21. ಅವಳಿಗೆ ಸಿಕ್ಕ ಉತ್ತರದಲ್ಲಿ ನಮಗೆ ಬೇಕಾದ ಸಾಲುಗಳು ಇವು, ಹೆಸರು ಬದಲಿಸಿದ್ದೇನೆ:

```
Domain Name: raita-order.example
Creation Date: 2025-06-02T09:41:17Z
Registry Expiry Date: 2026-06-02T09:41:17Z
```

ಹೆಸರು ಹುಟ್ಟಿ ಹತ್ತೊಂಬತ್ತು ದಿನ. ಪುಟದ ಮೇಲೆ ಇಪ್ಪತ್ತೇಳು ವರ್ಷದ ಸೇವೆ.

ಈ ಉತ್ತರದಲ್ಲಿ ಎಲ್ಲರೂ ಎಡವುವ ಎರಡು ಜಾಗ ಇವೆ. ಒಡೆಯನ ಹೆಸರು, ಫೋನು ಇರಬೇಕಾದ ಕಡೆ 'ಮುಚ್ಚಿಡಲಾಗಿದೆ' ಅನ್ನುವ ಅರ್ಥದ ಮಾತು ಇರುತ್ತದೆ. ಅದನ್ನು ಕಂಡು 'ಹೆಸರು ಬಚ್ಚಿಟ್ಟಿದ್ದಾನೆ, ಕಳ್ಳನೇ' ಅನ್ನಬೇಡಿ. ಯುರೋಪಿನ ಖಾಸಗಿತನದ ಕಾನೂನು 2018ರಲ್ಲಿ ಜಾರಿಯಾದ ಮೇಲೆ ಹೆಚ್ಚುಕಡಿಮೆ ಎಲ್ಲರ ವಿವರವನ್ನೂ ಹೀಗೇ ಮುಚ್ಚುತ್ತಾರೆ. ನನ್ನ ಸ್ವಂತ ತಾಣದ ವಿವರವೂ ಕಾಣುವುದಿಲ್ಲ. ಇನ್ನೊಂದು, ಅವಧಿ ಒಂದೇ ವರ್ಷ ಇದೆ ಅನ್ನುವುದು. ಅದೂ ಸಾಕ್ಷಿಯಲ್ಲ, ವರ್ಷ ವರ್ಷ ನವೀಕರಿಸುವವರೇ ಜಾಸ್ತಿ. ಹುಟ್ಟಿದ ದಿನ ಕೂಡ ಒಂಟಿಯಾಗಿ ಏನೂ ಹೇಳುವುದಿಲ್ಲ. ಹೊಸದಾಗಿ ವ್ಯಾಪಾರ ಶುರುಮಾಡಿದ ಪ್ರಾಮಾಣಿಕನ ಹೆಸರೂ ಹತ್ತೊಂಬತ್ತು ದಿನದ್ದೇ ಇರಬಹುದು. ಆದರೆ ಅವನು 1998 ಅಂತ ಬರೆಯುವುದಿಲ್ಲ. ಪುಟ ಹೇಳುವ ವಯಸ್ಸನ್ನು ಪುಸ್ತಕ ಹೇಳುವ ವಯಸ್ಸಿನ ಪಕ್ಕ ಇಟ್ಟು ನೋಡಬೇಕು, ಆಗಲೇ ಅದಕ್ಕೆ ಅರ್ಥ.

ಅಪ್ಪ ಇನ್ನೂ ಅಲ್ಲಾಡಲಿಲ್ಲ. "ಹಳೇ ಕಂಪನಿ, ಆರ್ಡರ್ ತಗೊಳ್ಳೋಕೆ ಹೊಸ ಹೆಸರು ಮಾಡಿದ್ದಾರೆ, ಅಷ್ಟೇ" ಅಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ.

ಆಗ ಅವಳು ಎರಡನೆಯ ಪುಸ್ತಕ ತೆರೆದಳು. ಇದು ನನಗೆ ತುಂಬ ಇಷ್ಟವಾದ ಭಾಗ. ಇದರ ಹಿಂದೆ ಒಂದು ಸಣ್ಣ ಇತಿಹಾಸ ಇದೆ, ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಿಜಿನೋಟಾರ್ ಅನ್ನುವ ಪ್ರಮಾಣಪತ್ರ ಸಂಸ್ಥೆಯ ಯಂತ್ರಗಳೊಳಗೆ ಯಾರೋ ನುಗ್ಗಿ, ಗೂಗಲ್ ಹೆಸರಿನಲ್ಲೂ ಖೋಟಾ ಪ್ರಮಾಣಪತ್ರ ಮಾಡಿಕೊಂಡರು. ಆ ಸಂಸ್ಥೆ ಅದೇ ವರ್ಷ ದಿವಾಳಿಯಾಯಿತು. ಯಾರ ಹೆಸರಿಗೆ ಯಾರು ಪ್ರಮಾಣಪತ್ರ ಕೊಟ್ಟರು ಅಂತ ಲೋಕಕ್ಕೆ ಗೊತ್ತಾಗುವ ದಾರಿಯೇ ಇರಲಿಲ್ಲ ಅನ್ನುವುದು ಆಗ ಎಲ್ಲರ ಕಣ್ಣಿಗೆ ಬಿತ್ತು. ಅದಾದಮೇಲೆ ಒಂದು ಬಹಿರಂಗ ದಾಖಲೆಯ ಪದ್ಧತಿ ಬಂತು. ಪ್ರಮಾಣಪತ್ರ ಕೊಟ್ಟಾಗ ಅದನ್ನು ಎಲ್ಲರೂ ನೋಡಬಹುದಾದ ದಾಖಲೆಯಲ್ಲಿ ಬರೆಯಬೇಕು. ಆ ದಾಖಲೆಗೆ ಹೊಸ ಸಾಲು ಸೇರಿಸಬಹುದು, ಹಳೆಯದನ್ನು ಅಳಿಸಲು ಬಾರದು. 2018ರಿಂದ ಕ್ರೋಮ್, ಹೊಸ ಪ್ರಮಾಣಪತ್ರ ಈ ದಾಖಲೆಯಲ್ಲಿ ಇಲ್ಲದಿದ್ದರೆ ತಾಣವನ್ನು ನಂಬುವುದಿಲ್ಲ, ಎಚ್ಚರಿಕೆ ತೋರಿಸುತ್ತದೆ. ಅಂದರೆ ಕಳ್ಳನಿಗೆ ಬೀಗದ ಗುರುತು ಬೇಕಿದ್ದರೆ ಈ ಪುಸ್ತಕದಲ್ಲಿ ಹೆಸರು ಬರೆಸಲೇಬೇಕು. ಅಪ್ಪನಿಗೆ ಭರವಸೆ ಕೊಟ್ಟ ಅದೇ ಬೀಗ ಕಳ್ಳನ ಜಾಡನ್ನೂ ಬಿಟ್ಟುಹೋಗಿತ್ತು.

ಆ ಪುಸ್ತಕ ಓದಲು `crt.sh` ಅನ್ನುವ ತಾಣ ಇದೆ. ನೋಡಲು ಬೋಳು ಬೋಳಾಗಿದೆ, ಕೆಲವೊಮ್ಮೆ ನಿಧಾನ, ಎರಡು ಸಲ ಒತ್ತಬೇಕಾಗುತ್ತದೆ. ಅವಳು ಹುಡುಕುವ ಜಾಗದಲ್ಲಿ ಇದನ್ನು ಬರೆದಳು:

```
%.raita-order.example
```

ಮುಂದಿರುವ ಆ ಚಿಹ್ನೆಯ ಅರ್ಥ, 'ಈ ಹೆಸರಿನ ಎಡಕ್ಕೆ ಏನೇನು ಅಂಟಿಸಿದ್ದಾರೋ ಎಲ್ಲ ತೋರಿಸು'. ಬಂದ ಪಟ್ಟಿ:

```
gobbara.example.raita-order.example
beeja.example.raita-order.example
pump.example.raita-order.example
tarpal.example.raita-order.example
```

ಒಬ್ಬನೇ ಒಡೆಯ, ನಾಲ್ಕು ಕೋಣೆ, ನಾಲ್ಕು ಫಲಕ. ಗೊಬ್ಬರದ ಕಂಪನಿಯ ಹೆಸರು, ಬೀಜದ ಕಂಪನಿಯ ಹೆಸರು, ಪಂಪಿನ ಕಂಪನಿಯ ಹೆಸರು, ತಾಡಪತ್ರಿ ಮಾರುವವರ ಹೆಸರು. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಬೇರೆ ಬೇರೆ ಕಂಪನಿಗಳು, ನಾಲ್ಕೂ ಜೂನ್ 2ರಿಂದ 5ರ ಒಳಗೆ ಒಂದೇ ಸೂರಿನಡಿ ಬಂದಿದ್ದವು. 'ಕಂಪನಿಯವರೇ ಹೊಸ ಹೆಸರು ಮಾಡಿರಬಹುದು' ಅನ್ನುವ ಅಪ್ಪನ ಮಾತು ಇಲ್ಲಿ ಮುಗಿಯಿತು. ಗೊಬ್ಬರದ ಕಂಪನಿ ತನ್ನ ಆರ್ಡರ್ ತಾಣದಲ್ಲಿ ಬೇರೆಯವರ ಪಂಪಿನ ಅಂಗಡಿ ಯಾಕೆ ತೆರೆಯುತ್ತದೆ?

ಇದೂ ಪ್ರತಿಸಲ ಸಿಗುವ ಸಾಕ್ಷಿಯಲ್ಲ, ಅದನ್ನು ಹೇಳಿಬಿಡಬೇಕು. ಎಡತುದಿಯ ಒಂದು ತುಂಡಿನ ಜಾಗದಲ್ಲಿ ಏನಿದ್ದರೂ ಒಪ್ಪುವ ನಕ್ಷತ್ರ ಗುರುತಿನ ಒಂದೇ ಪ್ರಮಾಣಪತ್ರವನ್ನು ಕಳ್ಳ ತೆಗೆದುಕೊಂಡಿದ್ದರೆ ಪಟ್ಟಿಯಲ್ಲಿ ಆ ನಕ್ಷತ್ರ ಮಾತ್ರ ಕಾಣುತ್ತಿತ್ತು, ಕೋಣೆಗಳ ಹೆಸರು ಕಾಣುತ್ತಿರಲಿಲ್ಲ. ಅಥವಾ ಒಂದೊಂದು ಕಂಪನಿಗೆ ಒಂದೊಂದು ಹೊಸ ಹೆಸರು ಕೊಂಡಿದ್ದರೂ ಅಷ್ಟೇ. ಅವಳಿಗೆ ಸಿಕ್ಕಿದ್ದು ಕಳ್ಳನ ಜಿಪುಣತನದಿಂದ. ಇಂಥವರು ದುಡ್ಡು ಉಳಿಸಲು ಒಂದೇ ಹೆಸರನ್ನು ಹತ್ತು ಕಡೆ ತೇಯುವುದನ್ನು ನಾನು ಸಾಕಷ್ಟು ಕಂಡಿದ್ದೇನೆ.

ಇಷ್ಟಾದ ಮೇಲೆ ಅಪ್ಪ ಒಪ್ಪಿದರಾ? ಇಲ್ಲ. ಪಟ್ಟಿಯನ್ನು ನೋಡಿ "ಹೂಂ" ಅಂದರು. ಅವರನ್ನು ಒಪ್ಪಿಸಿದ್ದು ಬೇರೆಯೇ ಒಂದು ವಿಷಯ, ಅದನ್ನು ಕಂಡುಹಿಡಿದವರೂ ಅವರೇ.

ನಕಲು ಮಾಡಿದವರು ಅಸಲಿ ಪುಟಕ್ಕೆ ಸ್ವಂತದ್ದೊಂದು ಸೇರಿಸಿದ್ದರು. ಚೀಲದ ಜೊತೆ 10 ಕೆಜಿಯ ಒಂದು ಡಬ್ಬ. 'ಸಾಂದ್ರ ಡಿಎಪಿ, 50 ಕೆಜಿ ಚೀಲದಲ್ಲಿರುವಷ್ಟೇ ಪೋಷಕಾಂಶ ಈ 10 ಕೆಜಿಯಲ್ಲಿ' ಅಂತ ಬರೆದಿತ್ತು. ಮಗಳು ಮುಂದಿನ ಪುಟ ನೋಡುತ್ತಿದ್ದಾಗ ಅಪ್ಪನ ಕಣ್ಣು ಅದರ ಮೇಲೆ ಬಿತ್ತು. "ಇದು ಹೇಗಮ್ಮಾ ಆಗುತ್ತೆ?" ಅಂದರು. ಬಾಯಲ್ಲೇ ಲೆಕ್ಕ ಹಾಕಿದರು. ಡಿಎಪಿ ಚೀಲದ ಮೇಲೆ 18-46-0 ಅಂತ ಇರುತ್ತದೆ. ನೂರು ಕೆಜಿಯಲ್ಲಿ 18 ಸಾರಜನಕ, 46 ರಂಜಕ, ಪೊಟ್ಯಾಷ್ ಸೊನ್ನೆ. 50 ಕೆಜಿ ಚೀಲಕ್ಕೆ ಅದರ ಅರ್ಧ, 9 ಮತ್ತು 23. ಒಟ್ಟು 32 ಕೆಜಿ. "ಮೂವತ್ತೆರಡು ಕೆಜಿ ಸರಕನ್ನು ಹತ್ತು ಕೆಜಿ ಡಬ್ಬದಲ್ಲಿ ತುಂಬೋಕೆ ಇವರೇನು ಮಂತ್ರವಾದಿಗಳಾ?"

ರಸಾಯನಶಾಸ್ತ್ರ ಬಲ್ಲವರು ಇಲ್ಲಿ ಕೈ ಎತ್ತಬಹುದು. ಚೀಲದ ಮೇಲಿನ 46 ಶುದ್ಧ ರಂಜಕವಲ್ಲ, ರಂಜಕದ ಆಕ್ಸೈಡಿನ ಲೆಕ್ಕದಲ್ಲಿ ಬರೆದದ್ದು. ಸರಿ. ಆ 23 ಕೆಜಿ ಆಕ್ಸೈಡಿನಲ್ಲಿ ನಿಜವಾದ ರಂಜಕ ಸುಮಾರು 10 ಕೆಜಿ. ಸಾರಜನಕ 9 ಸೇರಿಸಿದರೆ 19. ಬರೀ ಮೂಲವಸ್ತುಗಳನ್ನೇ ತೂಗಿದರೂ ಹತ್ತು ಕೆಜಿಯ ಡಬ್ಬದಲ್ಲಿ ಹಿಡಿಯುವುದಿಲ್ಲ. ಎಷ್ಟೇ ಸಾಂದ್ರ ಮಾಡಲಿ, ತೂಕವನ್ನು ಕರಗಿಸಿ ಇಲ್ಲವಾಗಿಸಲು ಬರುವುದಿಲ್ಲ.

ಅಪ್ಪನ ಮುಖದಲ್ಲಿ ಅಲ್ಲಿಯವರೆಗೂ ಇದ್ದ ಹಟ ಆಗ ಇಳಿಯಿತಂತೆ. ಹೆಸರು, ನೋಂದಣಿ, ಪ್ರಮಾಣಪತ್ರ ಎಲ್ಲ ಮಗಳ ಲೋಕದ ಮಾತು. ಗೊಬ್ಬರದ ಲೆಕ್ಕ ತಪ್ಪಿದ್ದು ಅವರ ಲೋಕದಲ್ಲಿ. ಗೊಬ್ಬರ ಮಾರುವವನಿಗೆ ಗೊಬ್ಬರದ ಲೆಕ್ಕ ಬಾರದಿದ್ದರೆ ಅವನು ಗೊಬ್ಬರ ಮಾರುವವನಲ್ಲ ಅಂತ ಅವರಿಗೆ ಖಾತ್ರಿಯಾಯಿತು. ಮಗಳು ಮಾತ್ರ, "ಅಪ್ಪಾ, ನಾಳೆ ಯಾರೋ ಹೇಳಿಕೊಟ್ಟರೆ ಆ ಡಬ್ಬ ತೆಗೆದುಹಾಕುತ್ತಾರೆ. ಜೂನ್ ಎರಡನೇ ತಾರೀಕನ್ನು ತೆಗೆಯೋಕಾಗಲ್ಲ" ಅಂದಳಂತೆ. ನನಗೆ ಇಬ್ಬರ ಮಾತೂ ಬೇಕು ಅನ್ನಿಸುತ್ತದೆ. ಆದರೆ ಒಂದನ್ನೇ ಆರಿಸು ಅಂದರೆ ಮಗಳ ಪಕ್ಷ.

ಇನ್ನು ಉಳಿದದ್ದು ಅಸಲಿ ಕಂಪನಿಯನ್ನು ಕೇಳುವುದು. ಇಲ್ಲಿ ಬಹಳ ಜನ ಜಾರುತ್ತಾರೆ. ಅನುಮಾನ ಬಂತು ಅಂತ ಪುಟದ ಮೇಲಿರುವ ನಂಬರಿಗೇ ಫೋನು ಮಾಡುತ್ತಾರೆ. ಆ ಕಡೆಯವನು ನಯವಾಗಿ ಮಾತಾಡುತ್ತಾನೆ, 'ಹೌದು ಸರ್, ನಮ್ಮದೇ' ಅನ್ನುತ್ತಾನೆ. ಅನ್ನದೆ ಇರುತ್ತಾನಾ? ಹುಡುಕು ತಾಣದಲ್ಲಿ ಕಂಪನಿಯ ಹೆಸರು ಹಾಕಿ ನಂಬರು ಹುಡುಕುವುದೂ ಅಪಾಯವೇ. ಮೇಲ್ಗಡೆ ಬರುವುದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತಾಗಿರಬಹುದು, ಅದನ್ನು ಹಾಕಿಸಿದವನು ಇದೇ ಕಳ್ಳನಾಗಿರಬಹುದು.

ಅವಳು ಹಳೆಯ ಖಾಲಿ ಚೀಲ ತಂದು ಹರಡಿದಳು. ಹಿಂದಿನ ಬೆಳೆಗೆ ತಂದದ್ದು, ಅಂಗಡಿಯಲ್ಲಿ ಕೈಯಾರೆ ಕೊಂಡದ್ದು. ಚೀಲದ ಮೇಲೆ ಕಂಪನಿಯ ವಿಳಾಸ, ದೂರು ಹೇಳುವ ನಂಬರು, ವೆಬ್‌ಸೈಟು ಮೂರೂ ಅಚ್ಚಾಗಿದ್ದವು. ವೆಬ್‌ಸೈಟು `gobbara.example`, ಮುಂದೆ ಹಿಂದೆ ಏನೂ ಇಲ್ಲ. ಆ ಚೀಲ ಅಚ್ಚಾದಾಗ `raita-order` ಹುಟ್ಟಿಯೇ ಇರಲಿಲ್ಲ, ಹಾಗಾಗಿ ಕಳ್ಳನ ಕೈ ಅಲ್ಲಿಗೆ ತಲುಪಿರಲು ಸಾಧ್ಯವಿಲ್ಲ. ಮರುದಿನ ಬೆಳಿಗ್ಗೆ ಆ ನಂಬರಿಗೆ ಫೋನು ಮಾಡಿದರು. ನಾವು ಯಾವ ತಾಣದಿಂದಲೂ ನೇರವಾಗಿ ರೈತರಿಗೆ ಮಾರುವುದಿಲ್ಲ, ಮಾರಾಟಗಾರರ ಮೂಲಕವೇ ಕೊಡುತ್ತೇವೆ ಅಂದರು. ಅದೇ ವಾರ ಇದೇ ಪ್ರಶ್ನೆ ಕೇಳಿದವರಲ್ಲಿ ಇವರು ಮೊದಲನೆಯವರೇನೂ ಅಲ್ಲವಂತೆ.

ಆಮೇಲೆ ಅವಳು ಇನ್ನೊಂದು ಕೆಲಸ ಮಾಡಿದಳು. ನೋಂದಣಿಯ ವಿವರದಲ್ಲೇ, ಆ ಹೆಸರನ್ನು ಮಾರಿದ ಮಧ್ಯವರ್ತಿಗೆ ದೂರು ಕೊಡುವ ಇಮೇಲ್ ವಿಳಾಸ ಇರುತ್ತದೆ. `Abuse Contact` ಅಂತ ಬರೆದ ಸಾಲು ಅದು. 2024ರ ಏಪ್ರಿಲ್‌ನಿಂದ, ಇಂಥ ವೇಷದ ಮೋಸದ ಬಗ್ಗೆ ಸರಿಯಾದ ಸಾಕ್ಷಿ ಸಹಿತ ದೂರು ಬಂದರೆ ಮಧ್ಯವರ್ತಿ ಸುಮ್ಮನಿರುವಂತಿಲ್ಲ, ಕ್ರಮ ಕೈಗೊಳ್ಳಬೇಕು ಅಂತ, ಈ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಮಧ್ಯವರ್ತಿಗಳ ಜೊತೆಗಿನ ತನ್ನ ಒಪ್ಪಂದದಲ್ಲೇ ಸೇರಿಸಿದೆ. 'ಇದು ಮೋಸ, ತೆಗೆಯಿರಿ' ಅಂತ ಒಂದು ಸಾಲು ಬರೆದರೆ ಕೆಲಸ ಆಗುವುದಿಲ್ಲ. ಆ ಕಡೆ ಕೂತವನಿಗೆ ದಿನಕ್ಕೆ ನೂರು ದೂರು ಬರುತ್ತಿರುತ್ತವೆ, ನಾನೂ ಆ ಕುರ್ಚಿಯಲ್ಲಿ ಕೂತವನೇ. ಅವಳ ಪತ್ರದಲ್ಲಿ ಲಿಂಕು ಪೂರ್ತಿಯಾಗಿ ಇತ್ತು, ತಾರೀಕು ಗಂಟೆ ಕಾಣುವ ಹಾಗೆ ಪುಟದ ಚಿತ್ರ ಇತ್ತು, ಪಕ್ಕದಲ್ಲಿ ಅಸಲಿ ತಾಣದ ವಿಳಾಸ ಇತ್ತು, ಜೊತೆಗೆ ಆ ನಾಲ್ಕು ಹೆಸರಿನ ಪಟ್ಟಿ. ಆ ಪಟ್ಟಿ ಇದ್ದದ್ದರಿಂದಲೇ ಬೇಗ ಕೆಲಸವಾಯಿತು ಅಂತ ನನ್ನ ಊಹೆ. ಒಂದು ಕಂಪನಿಯ ಜಗಳ ಅಂತ ತಳ್ಳಿಹಾಕಲು ಬರುವುದಿಲ್ಲವಲ್ಲ. ಎಂಟನೆಯ ದಿನ ಅದೇ ನೋಂದಣಿ ಪುಟದಲ್ಲಿ ಸ್ಥಿತಿಯ ಜಾಗದಲ್ಲಿ `clientHold` ಅಂತ ಬಂತು. ಹೆಸರು ಪುಸ್ತಕದಲ್ಲಿ ಇದೆ, ಆದರೆ ಮಧ್ಯವರ್ತಿ ಅದನ್ನು ಕಟ್ಟಿಹಾಕಿದ್ದಾನೆ, ಯಾರ ಮೊಬೈಲಿನಲ್ಲೂ ತೆರೆಯುವುದಿಲ್ಲ ಅಂತ ಅರ್ಥ.

ಎಂಟು ದಿನ ಅಂದರೆ ಸಣ್ಣ ಅವಧಿಯಲ್ಲ. ಆ ಎಂಟು ದಿನದಲ್ಲಿ ಎಷ್ಟು ಜನ ದುಡ್ಡು ಕಟ್ಟಿದರೋ.

ಇನ್ನು ಪ್ರಶ್ನೆ ಇದ್ದರೆ ಕೇಳಿ.

ಸಭಿಕರೊಬ್ಬರು: ಕಳ್ಳ ಬುದ್ಧಿವಂತನಾಗಿದ್ದು, ಹತ್ತು ವರ್ಷದ ಹಳೆಯ ಹೆಸರನ್ನೇ ಕೊಂಡರೆ? ತಾರೀಕು ಹಳೆಯದೇ ತೋರಿಸುತ್ತದಲ್ಲವೇ?

ತೋರಿಸುತ್ತದೆ. ಹೆಸರು ಕೈ ಬದಲಾದರೆ ಹುಟ್ಟಿದ ದಿನ ಬದಲಾಗುವುದಿಲ್ಲ. ಅವಧಿ ಮುಗಿಯುವ ಹೊತ್ತಿನ ಹಳೆಯ ಹೆಸರುಗಳನ್ನು ಹರಾಜಿನಲ್ಲಿ ಕೊಳ್ಳುವವರು ಇದ್ದಾರೆ. ಅಂಥ ಕಡೆ `web.archive.org` ನೋಡಿ. ವೆಬ್ ಪುಟಗಳ ಹಳೆಯ ಪ್ರತಿಗಳನ್ನು 1996ರಿಂದ ಕೂಡಿಡುತ್ತಿರುವ ಗ್ರಂಥಾಲಯ ಅದು. ಒಡೆಯನ ಹೆಸರು ಹಾಕಿದರೆ ಹಿಂದಿನ ವರ್ಷಗಳಲ್ಲಿ ಆ ವಿಳಾಸದಲ್ಲಿ ಏನಿತ್ತು ಅಂತ ಸಿಗಬಹುದು. ಹೋದ ವರ್ಷದವರೆಗೂ ಮದುವೆ ಫೋಟೊ ತೆಗೆಯುವವರ ಪುಟ ಇದ್ದು, ಈ ತಿಂಗಳು ಏಕಾಏಕಿ ಗೊಬ್ಬರ ಬಂದಿದ್ದರೆ ಅಲ್ಲಿಗೆ ಅರ್ಥವಾಯಿತು. ಪ್ರತಿಯೇ ಇಲ್ಲದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ. ಎಲ್ಲ ಪುಟಗಳನ್ನೂ ಅವರು ಕೂಡಿಟ್ಟಿಲ್ಲ.

ಇನ್ನೊಬ್ಬರು: ನಮಗೆ ವೆಬ್‌ಸೈಟೇ ಬರುವುದಿಲ್ಲ ಸರ್. ಮೊಬೈಲಿಗೆ ಫೋಟೊ ಕಳಿಸುತ್ತಾರೆ, ಸ್ಕ್ಯಾನ್ ಮಾಡುವ ಚಿತ್ರ ಕಳಿಸುತ್ತಾರೆ. ಅಲ್ಲಿ ಏನು ನೋಡೋದು?

ಅಲ್ಲಿ ಈ ಎರಡು ಪುಸ್ತಕಗಳೂ ಕೆಲಸಕ್ಕೆ ಬಾರವು. ಹೆಸರೇ ಕೊಂಡಿಲ್ಲದವನ ನೋಂದಣಿ ಎಲ್ಲಿಂದ ಬರಬೇಕು? ಸ್ಕ್ಯಾನ್ ಮಾಡಿದಾಗ, ದುಡ್ಡು ಕಳಿಸುವ ಮೊದಲು, ಪಡೆಯುವವರ ಹೆಸರು ತೋರಿಸುವ ವ್ಯವಸ್ಥೆ ನಿಮ್ಮ ಮೊಬೈಲಿನಲ್ಲಿ ಇದ್ದರೆ ಅದನ್ನು ಓದಿ. ಕಂಪನಿಯ ಹೆಸರಿನ ಬದಲು ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. 'ಅದು ನಮ್ಮ ಕ್ಯಾಷಿಯರ್ ಹೆಸರು' ಅನ್ನುತ್ತಾರೆ, ಆ ಉತ್ತರ ಮೊದಲೇ ತಯಾರಾಗಿರುತ್ತದೆ. ಆಮೇಲೆ ಹಳೆಯ ಚೀಲ ಹುಡುಕಿ, ಅದರ ಮೇಲಿನ ನಂಬರಿಗೆ ಫೋನು ಮಾಡಿ.

ಅವರೇ: ಚೀಲ ಎಸೆದುಬಿಟ್ಟಿದ್ದರೆ?

ಪಕ್ಕದ ಹೊಲದವರ ಹತ್ತಿರ ಇರುತ್ತದೆ. ಕಾಳು ಒಣಗಿಸಲು ಹರಡಿಕೊಂಡಿರುತ್ತಾರೆ ನೋಡಿ.